ಕರಿಯಣ್ಣನ ಕಾಲು ಮತ್ತು ಕೆಂಪು ತ್ರಿಕೋನ

ಭದ್ರಾವತಿಯ ನಮ್ಮ ಪಕ್ಕದ ಮನೆಯ ಕರಿಯಣ್ಣ, ಮರ ಸಾಗಿಸುವ ಟ್ರಾಮ್ ದಾರಿಯಲ್ಲಿ ಹದಿನೆಂಟು ವರ್ಷ ಕೆಂಪು ಬಾವುಟ ಹಿಡಿದವನು. ಕೆಂಪು ಕಂಡರೆ ನಿಲ್ಲಬೇಕು, ಅಷ್ಟೇ ಅವನ ವಿದ್ಯೆ. ೧೯೪೧ರಲ್ಲಿ ಆ ದಾರಿ ಮುಚ್ಚಿತು. ಇನ್ನು ಸಿಗುವುದು ಲಾರಿ ಓಡಿಸುವ ಕೆಲಸವೊಂದೇ. ಅದಕ್ಕೆ ಶಿವಮೊಗ್ಗದಲ್ಲಿ ಲೈಸೆನ್ಸ್ ಪರೀಕ್ಷೆ ಪಾಸಾಗಬೇಕು.

ಎರಡು ಸಲ ಫೇಲಾದ. ಎರಡು ಸಲವೂ ತಿರುವಿಗೆ ಮೊದಲು ನೆಟ್ಟಿದ್ದ ಕೆಂಪು ತ್ರಿಕೋನದ ಹಲಗೆ ಕಂಡು ಲಾರಿಯನ್ನು ನಡುರಸ್ತೆಯಲ್ಲೇ ನಿಲ್ಲಿಸಿದ್ದ.

“ಬರೀ ಬಣ್ಣ ನೋಡ್ಬೇಡ ಮಾರಾಯ, ಆಕಾರ ನೋಡು,” ಎಂದು ಪರೀಕ್ಷೆಯ ಸಾಹೇಬರು ಗದರಿದರು. “ತ್ರಿಕೋನ ಅಂದ್ರೆ ಮುಂದೆ ಅಪಾಯ ಇದೆ, ನಿಧಾನವಾಗಿ ಹೋಗು ಅಂತ. ಯಾವ ಅಪಾಯ ಅಂತ ಕೆಳಗಿನ ಹಲಗೇಲಿ ಚಿತ್ರ ಇರುತ್ತೆ. ದುಂಡು ಹಲಗೆಗೆ ಪೂರ್ತಿ ಕೆಂಪು ಬಳಿದಿದ್ರೆ ಮಾತ್ರ ಹೋಗಬಾರದು.”

ಹೆಂಡತಿ ದುರ್ಗಮ್ಮ ಅವನ ಹಳೇ ಬಾವುಟವನ್ನೇ ಕತ್ತರಿಸಿ, ತ್ರಿಕೋನ, ದುಂಡು ಮಾಡಿ ಹದಿನೈದು ದಿನ ಪಾಠ ಹೇಳಿದಳು. ಅವನು ಒಂದನ್ನೂ ತಪ್ಪು ಹೇಳಲಿಲ್ಲ.

ಮೂರನೇ ಸಲ ಧೈರ್ಯಕ್ಕೆಂದು ನಾನೂ ಹೋಗಿ ಲಾರಿಯ ಹಿಂದೆ ಕೂತಿದ್ದೆ. ಅದೇ ತಿರುವಿನಲ್ಲಿ ಸಾಹೇಬರು, “ಇದೇನು?” ಎಂದರು.

“ತ್ರಿಕೋನ ಸ್ವಾಮಿ. ನಿಧಾನವಾಗಿ ಹೋಗ್ಬೇಕು,” ಎನ್ನುತ್ತಲೇ ಕರಿಯಣ್ಣನ ಕಾಲು ಬ್ರೇಕನ್ನು ತುಳಿಯಿತು. ಲಾರಿ ನಿಂತಿತು. “ಬಾಯಿಗೆ ಗೊತ್ತು ಸ್ವಾಮಿ, ಈ ಹಾಳು ಕಾಲಿಗೆ ಗೊತ್ತಿಲ್ಲ,” ಎಂದು ಅತ್ತ.

ಇನ್ನು ಬರಬೇಡ ಎಂದರು ಸಾಹೇಬರು.

ಊರಿಗೆ ನಡೆದೇ ಹೋಗುತ್ತೇನೆಂದು ಹಟ ಹಿಡಿದ. ನಾನೂ ಜೊತೆಗೆ ಹೊರಟೆ. ಅದೇ ತಿರುವು ಬಂತು. ಆ ಹಲಗೆಯನ್ನು ಕಿತ್ತೆಸೆಯುವಷ್ಟು ಸಿಟ್ಟು ನನಗೆ. ರಸ್ತೆಯಲ್ಲಿ ಒಂದು ಗಾಡಿಯೂ ಇರಲಿಲ್ಲ. ಆದರೂ ತ್ರಿಕೋನದ ಮುಂದೆ ಅವನ ಬರಿಗಾಲು ನಿಂತೇಬಿಟ್ಟಿತು.