ತಿರಸ್ಕಾರದ ಬುಟ್ಟಿಯಲ್ಲಿ ಹದಿನೇಳು

ಅಂಗಿ ಹೊಲಿಯುವ ಕಾರ್ಖಾನೆಯ ಮೂರನೇ ಸಾಲಿನ ತುದಿಯಲ್ಲಿ, ಎರಡು ಟ್ಯೂಬ್‌ಲೈಟಿನ ಕೆಳಗೆ ನಿಂತು ಇಪ್ಪತ್ತೆರಡು ವರ್ಷದಿಂದ ಅಂಗಿ ನೋಡುತ್ತಿರುವ ಹೆಂಗಸನ್ನು ಅಲ್ಲಿ ಎಲ್ಲರೂ ಬಾಣದಕ್ಕ ಎನ್ನುತ್ತಾರೆ. ತಪ್ಪು ಕಂಡ ಜಾಗದಲ್ಲಿ ಕೆಂಪು ಬಾಣದ ಚೀಟಿ ಅಂಟಿಸುವುದು ಅವಳ ಕೆಲಸ. ಓದಿದ್ದು ಏಳನೇ ತರಗತಿ. ಆದರೆ ಅಂಗಿಯನ್ನು ಒಮ್ಮೆ ಕೊಡವಿ ಹಿಡಿದರೆ ಸಾಕು, ತೋಳು ಅರ್ಧ ಬೆರಳು ಮೇಲೆ ಕೂತದ್ದು ಕಣ್ಣಿಗೆ ಬೀಳುತ್ತದೆ.

ಬಾಣ ಅಂಟಿಸುವುದಷ್ಟೇ ಆಗಿದ್ದರೆ ಅವಳ ಬಗ್ಗೆ ಬರೆಯುವುದಕ್ಕೆ ಏನೂ ಇರಲಿಲ್ಲ. ಕೆಟ್ಟ ಅಂಗಿಯನ್ನು ಬುಟ್ಟಿಗೆ ಹಾಕುವ ಮುಂಚೆ ಅದನ್ನು ಮಗುಚಿ, ಒಳಗಡೆ ಸೀಮೆಸುಣ್ಣದಲ್ಲಿ ಒಂದು ಅಂಕಿ ಬರೆಯುತ್ತಾಳೆ. ಅದು ಅಂಗಿ ಯಾವ ಮೇಜಿನಲ್ಲಿ ಕೆಟ್ಟಿತು ಎಂಬುದರ ಅಂಕಿ. ಹೊಸದಾಗಿ ಬಂದ ಸೂಪರ್‌ವೈಸರ್ ಒಬ್ಬ, "ಅದೆಲ್ಲ ಯಾಕಮ್ಮ, ಎಷ್ಟು ಕೆಟ್ಟವು ಅಂತ ಸಂಜೆ ಲೆಕ್ಕ ಕೊಟ್ರೆ ಸಾಕು" ಎಂದಿದ್ದ. "ಕೊರಳಪಟ್ಟಿ ಸೊಟ್ಟ ಆಗಿದ್ದಕ್ಕೆ ಗುಂಡಿ ಹಾಕೋಳನ್ನ ಬೈತೀರಲ್ಲ ಸಾರ್, ಅದಕ್ಕೆ" ಎಂದಳು. ಆಮೇಲೆ ಅವನು ಆ ಮಾತೆತ್ತಲಿಲ್ಲ.

ಇವಳಿಗೆ ಒಬ್ಬ ತಮ್ಮ. ವಯಸ್ಸು ನಲವತ್ತೆರಡು. ಹದಿನೈದು ವರ್ಷ ಗಾಡಿ ಬಿಡಿಭಾಗಗಳ ಗೋದಾಮಿನಲ್ಲಿ ಸ್ಟೋರ್‌ಕೀಪರ್ ಆಗಿದ್ದವನು. ಯಾವ ಕಪಾಟಿನ ಯಾವ ಖಾನೆಯಲ್ಲಿ ಎಷ್ಟು ಬೇರಿಂಗ್ ಇದೆ ಎಂದು ನಿದ್ದೆಗಣ್ಣಲ್ಲೂ ಹೇಳಬಲ್ಲ. ಬಾಯಿ ಮಾತ್ರ ಕೆಂಡ. ಗೋದಾಮು ಮುಚ್ಚಿ ಐದು ತಿಂಗಳಾಗಿತ್ತು. ಅವನು ಕೈಕಟ್ಟಿ ಕೂತವನಲ್ಲ. ಕಂಡಕಂಡ ಕಡೆಗೆ ಅರ್ಜಿ ಹಾಕಿ, ಹಾಕಿದ್ದನ್ನೆಲ್ಲ ಕಂಪ್ಯೂಟರಿನಲ್ಲಿ ಪಟ್ಟಿ ಮಾಡಿಟ್ಟಿದ್ದ. ಕಂಪನಿ, ತಾರೀಕು, ಕೆಲಸ, ಈಗಿನ ಸ್ಥಿತಿ, ಷರಾ ಎಂದು ಐದು ಅಂಕಣ.

ಒಂದು ಶುಕ್ರವಾರ ಮಧ್ಯಾಹ್ನ ಊಟದ ಹೊತ್ತಿಗೆ ಆ ಪಟ್ಟಿಯ ಸ್ಕ್ರೀನ್‌ಶಾಟ್ ಅಕ್ಕನ ಫೋನಿಗೆ ಬಂತು. ಜೊತೆಗೆ ನಾಲ್ಕು ಸಾಲು: "ಅರವತ್ತು ಅರ್ಜಿ, ಒಂದು ಸಂದರ್ಶನ. ನೂರಕ್ಕೆ ಎರಡೂ ಬೀಳಲ್ಲ. ಈ ವಯಸ್ಸಿನವನನ್ನ ಯಾರೂ ಕೇಳಲ್ಲ. ಸ್ಟೋರ್ ಕೆಲಸದ ಋಣ ಮುಗೀತು. ಮಾಲ್ ಗೇಟಿನ ಕಾವಲು ಕೆಲಸಕ್ಕೆ ಭಾನುವಾರ ಹೂಂ ಅಂತೀನಿ."

ಕಾವಲು ಕೆಲಸ ಕೀಳೆಂದು ಅವಳು ಅಂದುಕೊಳ್ಳಲಿಲ್ಲ. ಆದರೆ ದಿನಕ್ಕೆ ಹನ್ನೆರಡು ಗಂಟೆ ನಿಂತು ಇನ್ನೊಬ್ಬರ ಚೀಲ ತಡಕುವುದರಲ್ಲಿ ಹದಿನೈದು ವರ್ಷದ ವಿದ್ಯೆ ನೀರಿನಲ್ಲಿ ಹೋಮ ಆಗುವುದು ಅವಳಿಗೆ ಸಹಿಸಲಾಗಲಿಲ್ಲ. ಊಟದ ಡಬ್ಬಿ ಪಕ್ಕಕ್ಕೆ ಸರಿಸಿ ಚಿತ್ರವನ್ನು ಬೆರಳಲ್ಲಿ ಹಿಗ್ಗಿಸಿದಳು. ಮೂವತ್ತನಾಲ್ಕನೇ ಸಾಲಿಗೆ ಚಿತ್ರ ಮುಗಿದಿತ್ತು.

"ಅರವತ್ತು ಅಂತೀಯ, ಇಲ್ಲಿ ಮೂವತ್ತನಾಲ್ಕೇ ಇದೆ. ಮಿಕ್ಕಿದ್ದು ಕಳಿಸು" ಎಂದು ಫೋನ್ ಮಾಡಿದಳು.

"ಅದರಲ್ಲೇನು ನೋಡ್ತೀಯೇ? ಎಲ್ಲಾ ಒಂದೇ ಹಣೆಬರಹ."

"ಹಣೆಬರಹ ನಾನು ಓದ್ಕೋತೀನಿ. ನೀನು ಕಳಿಸು."

ಎರಡನೇ ಚಿತ್ರ ಬಂದ ಮೇಲೆ ರಟ್ಟಿನ ಪೆಟ್ಟಿಗೆಯ ಮುಚ್ಚಳ ತಿರುವಿ, ಸೀಮೆಸುಣ್ಣದಲ್ಲಿ ಐದೈದರ ಕಟ್ಟು ಹಾಕುತ್ತಾ ಎಣಿಸಿದಳು. ಸ್ಥಿತಿಯ ಅಂಕಣದಲ್ಲಿ "ಉತ್ತರವಿಲ್ಲ" ಮೂವತ್ತೆಂಟು, "ತಿರಸ್ಕಾರ" ಹದಿನೇಳು, "ಅರ್ಜಿ ತಲುಪಿದೆ" ನಾಲ್ಕು, "ಸಂದರ್ಶನ" ಒಂದು. ಒಟ್ಟು ಸರಿಯಾಗಿ ಅರವತ್ತು. ತಮ್ಮ ಸುಳ್ಳು ಹೇಳಿರಲಿಲ್ಲ.

ಆದರೆ ಆ ಹದಿನೇಳು ಅವಳ ಕಣ್ಣಿಗೆ ಚುಚ್ಚಿತು. ಅದು ಅವಳ ಕೆಟ್ಟ ಅಂಗಿಗಳ ಬುಟ್ಟಿಯ ಹಾಗೆಯೇ ಇತ್ತು, ಒಳಗೆ ಅಂಕಿ ಮಾತ್ರ ಬರೆದಿರಲಿಲ್ಲ. ಇವು ಕೆಟ್ಟದ್ದು ಯಾವ ಮೇಜಿನಲ್ಲಿ? ಕೊನೆಯ ಅಂಕಣದ ಷರಾಗಳನ್ನು ಒಂದೊಂದಾಗಿ ಓದಿದಳು. "9ಕ್ಕೆ ಫೋನ್." "ಹುಡುಗಿ ಫೋನ್ ಮಾಡಿದ್ಲು, ತಲೆಹರಟೆ." "ಫೋನ್, ಆಮೇಲೆ ಸುದ್ದಿ ಇಲ್ಲ." ಹೀಗೆ ಹನ್ನೆರಡು ತಿರಸ್ಕಾರಗಳ ಪಕ್ಕದಲ್ಲಿ ಫೋನಿನ ಮಾತಿತ್ತು. ಅದರಲ್ಲೊಂದಕ್ಕೆ "ಹೋಗಿ ಬಂದೆ" ಎಂದೂ ಬರೆದಿತ್ತು.

ಮತ್ತೆ ಫೋನ್ ಮಾಡಿದಳು. "ಇಷ್ಟೊಂದು ಕಡೆಯಿಂದ ಕರೆ ಬಂದಿದೆಯಲ್ಲೋ? ಒಂದೇ ಸಂದರ್ಶನ ಅಂದೆ?"

"ಫೋನಲ್ಲಿ ಎರಡು ಮಾತಾಡಿದ್ರೆ ಸಂದರ್ಶನವಾ? ಆಮೇಲೆ ಬೇಡ ಅಂದ್ರಲ್ಲ, ಅದಕ್ಕೆ ತಿರಸ್ಕಾರ ಅಂತ ತಿದ್ದಿದೆ. ಸ್ಟಾಕ್ ಪುಸ್ತಕದಲ್ಲಿ ಇವತ್ತು ಏನಿದೆ ಅದನ್ನ ತಾನೇ ಇಡೋದು? ನಿನ್ನೆ ಎಷ್ಟಿತ್ತು ಅಂತ ಯಾರಾದ್ರೂ ಇಡ್ತಾರಾ?"

ಅಲ್ಲಿಗೆ ಸ್ಟೋರ್‌ಕೀಪರನ ಬುದ್ಧಿ ಅವಳಿಗೆ ಅರ್ಥವಾಯಿತು. ಅವನು ಉಳಿದ ಮಾಲಿನ ಶಿಲ್ಕು ಇಡುವವನು. ಹಳೆಯ ಸ್ಥಿತಿ ಅಳಿಸಿ ಹೊಸದನ್ನು ಬರೆದಾಗ, ದಾಟಿ ಬಂದ ಮೆಟ್ಟಿಲುಗಳೂ ಅಳಿಸಿಹೋಗಿದ್ದವು.

ರಟ್ಟನ್ನು ಎತ್ತಿಕೊಂಡು ಕಾರ್ಖಾನೆಯ ನೇಮಕಾತಿ ಕೋಣೆಗೆ ನಡೆದಳು. ಅಲ್ಲಿನ ಕ್ಲರ್ಕು ಇಪ್ಪತ್ತಾರರ ಹೆಣ್ಣು, ದಿನಬೆಳಗಾದರೆ ಅರ್ಜಿ ನೋಡಿ ಜನರಿಗೆ ಫೋನ್ ಮಾಡುವವಳು.

"ಇದು ನೋಡೇ. ಇಪ್ಪತ್ತೆರಡು ಕಡೆ ಉತ್ತರ ಕೊಟ್ಟಿದ್ದಾರೆ. ಅರವತ್ತಕ್ಕೆ ಇಪ್ಪತ್ತೆರಡು ಅಲ್ವಾ?"

ಕ್ಲರ್ಕು ಚಿತ್ರ ನೋಡಿದಳು. "ಅಲ್ಲ ಅಕ್ಕ. ಈ ಅರ್ಜಿ ತಲುಪಿದೆ ಅನ್ನೋ ನಾಲ್ಕು ಕಂಪ್ಯೂಟರ್ ತಾನಾಗೇ ಕಳಿಸಿದ್ದು. ಮನುಷ್ಯರು ನೋಡಿಲ್ಲ. ಅದನ್ನ ಉತ್ತರ ಅಂತ ಹಿಡೀಬೇಡಿ. ಹದಿನೆಂಟೇ."

"ಹಾಗಾದ್ರೆ ಇನ್ನೂ ಇಳೀತು."

"ಇಳಿಯಲ್ಲ, ತಾಳಿ. ಕೊನೇ ಹತ್ತರ ತಾರೀಕು ನೋಡಿ. ಹಾಕಿ ವಾರವೂ ಆಗಿಲ್ಲ, ಉತ್ತರವಿಲ್ಲ ಅಂತ ಬರೆದಿದಾರೆ. ನಾನೇ ಅರ್ಜಿ ತೆಗೆದು ನೋಡೋಕೆ ಎರಡು ವಾರ ಮಾಡ್ತೀನಿ. ಮೆಷಿನ್ ಮೇಲಿರೋ ಪೀಸನ್ನ ನೀವು ಕೆಟ್ಟದ್ದು ಅಂತೀರಾ? ಈ ಹತ್ತನ್ನ ಆಚೆ ಇಡಿ. ಐವತ್ತಕ್ಕೆ ಹದಿನೆಂಟು, ನೂರಕ್ಕೆ ಮೂವತ್ತಾರು."

ಬಾಣದಕ್ಕ ಸೀಮೆಸುಣ್ಣ ತೆಗೆದಳು. ಇಬ್ಬರೂ ಕೂಡಿ ಮೇಜು ಮೇಜಾಗಿ ಲೆಕ್ಕ ಹಾಕಿದರು. ಹದಿನೆಂಟರಲ್ಲಿ ಐದು ಕಡೆಯವರು ನೇರವಾಗಿ ಬೇಡವೆಂದು ಬರೆದಿದ್ದರು. ಮಿಕ್ಕ ಹದಿಮೂರು ಕಡೆಯವರು, ಸಂದರ್ಶನಕ್ಕೆ ಕರೆದವರೂ ಸೇರಿ, ಫೋನ್ ಮಾಡಿದ್ದರು. ಆ ಹದಿಮೂರರಲ್ಲಿ ಎದುರಿಗೆ ಕರೆದವರು ಇಬ್ಬರೇ. ಅವರಲ್ಲಿ ಒಬ್ಬರು ಬೇಡವೆಂದಿದ್ದರು, ಇನ್ನೊಬ್ಬರದು ಇನ್ನೂ ತಿಳಿದಿರಲಿಲ್ಲ.

"ಎದುರಿಗೆ ಕೂತಾಗ ಹೇಗೆ ಮಾಡ್ತಾರೆ ಅನ್ನೋದನ್ನ ಎರಡರಿಂದ ಹೇಳೋಕಾಗಲ್ಲ" ಎಂದಳು ಕ್ಲರ್ಕು. "ಆದ್ರೆ ಅರ್ಜಿಗೇನೂ ಧಾಡಿ ಇಲ್ಲ. ಐವತ್ತರಲ್ಲಿ ನಾಲ್ಕಕ್ಕೊಬ್ಬರು ಫೋನ್ ಎತ್ಕೊಂಡಿದಾರೆ. ವಯಸ್ಸು ಅರ್ಜಿಯಲ್ಲೇ ಇರುತ್ತೆ, ಅದು ಬೇಡದೋರು ಫೋನೇ ಮಾಡಲ್ಲ. ಇವರು ಮಾಡಿ, ಮಾತು ಕೇಳಿ, ಬಿಟ್ಟಿದಾರೆ. ಹದಿಮೂರಕ್ಕೆ ಹನ್ನೊಂದು."

"ಅಂದ್ರೆ ನಮ್ಮೋನು ಬಾಯಿಬಿಟ್ಟ ಮೇಜಿನಲ್ಲೇ ಕೆಟ್ಟಿದೆ."

"ನಾನು ಹಾಗಂದಿಲ್ಲಪ್ಪ."

ಕೆಟ್ಟ ಮೇಜು ಯಾವುದೆಂದು ಗೊತ್ತಾದ ಮೇಲೆ ಹೋಗಿ ನಿಂತು ನೋಡಬೇಕು, ಅದು ಬಾಣದಕ್ಕನ ಪದ್ಧತಿ. ಶನಿವಾರ ಊಟದ ಹೊತ್ತಿಗೆ ಕ್ಲರ್ಕಿನ ಕೈಯಿಂದಲೇ ತಮ್ಮನಿಗೆ ಕರೆ ಮಾಡಿಸಿದಳು. ಅವನು ಈಚೆಗೆ ಹಾಕಿದ ಅರ್ಜಿಗಳ ಪೈಕಿ ಒಂದರ ಬಗ್ಗೆ ಎಂದು ಹೇಳಬಾರದು, ಆಸೆ ಹುಟ್ಟಿಸಿದಂತಾಗುತ್ತದೆ. ಕಾರ್ಖಾನೆಯ ಸ್ಟೋರಿಗೆ ಜನ ಬೇಕಾದಾಗ ನೋಡಲು ವಿಚಾರಿಸುತ್ತಿದ್ದೇವೆ ಎಂದರೆ ಸಾಕು ಎಂದಿದ್ದಳು. ಫೋನಿನ ಸ್ಪೀಕರ್ ಹಾಕಿ ಇಬ್ಬರೂ ಬಗ್ಗಿ ಕೂತರು.

"ಯಾರು? ಕಾರ್ಡೂ ಬೇಡ, ಪ್ಲಾಟೂ ಬೇಡ" ಎಂದಿತು ಆ ಕಡೆಯ ದನಿ. ಹಿಂದೆ ಬಸ್ಸಿನ ಹಾರನ್ನು.

ಕ್ಲರ್ಕು ವಿಷಯ ಹೇಳಿ, ಸ್ಟಾಕ್ ಇಡಲು ಯಾವ ಸಾಫ್ಟ್‌ವೇರ್ ಬಳಸುತ್ತಿದ್ದಿರಿ ಎಂದು ಕೇಳಿದಳು.

"ಎಲ್ಲಾ ಬರೆದಿದೀನಲ್ಲಮ್ಮ ಅರ್ಜಿಗಳಲ್ಲಿ. ಓದದೇ ಫೋನ್ ಮಾಡ್ತೀರಾ ನೀವುಗಳು?"

"ಹಿಂದಿನ ಕೆಲಸ ಯಾಕೆ ಬಿಟ್ರಿ ಸಾರ್?"

ಅದೊಂದು ಪ್ರಶ್ನೆಗೆ ಹಳೆಯ ಮ್ಯಾನೇಜರನ ಜಾತಕವೇ ಬಿಚ್ಚಿಕೊಂಡಿತು. ಅವನು ಹೇಗೆ ಮಾಲು ತರಿಸದೆ ಗಿರಾಕಿಗಳನ್ನು ಕಳೆದ, ತಾನು ಹೇಳಿದರೆ ಹೇಗೆ ಕೇಳಲಿಲ್ಲ, ಕೊನೆಗೆ ಹೇಗೆ ಬೀಗ ಬಿತ್ತು. ಗಡಿಯಾರದ ಪ್ರಕಾರ ಏಳು ನಿಮಿಷ. ಕ್ಲರ್ಕು ಫೋನಿಟ್ಟು, "ಅಕ್ಕ, ಅವರು ಹೇಳಿದ್ದು ನಿಜಾನೇ ಇರಬಹುದು. ಆದ್ರೆ ನಾನೂ ಕರೀತಿರಲಿಲ್ಲ" ಎಂದಳು.

ಸಂಜೆ ಬಾಣದಕ್ಕ ರಟ್ಟಿನ ಸಮೇತ ತಮ್ಮನ ಮನೆಗೆ ಹೋದಳು. ಮುಂದಿನ ಕೋಣೆಯಲ್ಲಿ ಅವನ ಹೆಂಡತಿ ಬಟ್ಟೆ ಮಡಿಚುತ್ತಿದ್ದಳು. ಮಧ್ಯಾಹ್ನದ ಕರೆ ತಾನೇ ಮಾಡಿಸಿದ್ದೆಂದು ಅವಳು ಹೇಳಿದ್ದೇ ತಡ, ತಮ್ಮ ಧಗ್ಗನೆ ಎದ್ದ.

"ನನ್ನನ್ನ ಪರೀಕ್ಷೆ ಮಾಡೋಕೆ ಬಂದ್ಯಾ? ನಾನೇನು ಅಂಗಿನಾ?"

"ಅಂಗಿ ಆಗಿದ್ರೆ ಇಷ್ಟು ಕೂಗಾಡ್ತಿರಲಿಲ್ಲ. ಕೂತ್ಕೋ."

"ಆ ಮ್ಯಾನೇಜರ್ ಮಾಡಿದ್ದು ಸುಳ್ಳಾ?"

"ಸುಳ್ಳಲ್ಲ ಕಣೋ. ಕೇಳಿದ್ದು ಅವನ ಬಗ್ಗೆ ಅಲ್ಲ, ನಿನ್ನ ಬಗ್ಗೆ." ರಟ್ಟನ್ನು ಅವನ ಮುಂದೆ ಇಟ್ಟಳು. "ಕಳಿಸಿ ವಾರ ದಾಟಿದ್ದು ಐವತ್ತು. ಮನುಷ್ಯರ ಉತ್ತರ ಹದಿನೆಂಟು. ಫೋನ್ ಹದಿಮೂರು. ಎದುರಿಗೆ ಎರಡು. ನೀನು ಅರವತ್ತಕ್ಕೆ ಒಂದು ಅಂತೀಯ. ಹದಿಮೂರು ಜನ ನಿನ್ನ ಮನೆ ಬಾಗಿಲು ತಟ್ಟಿದಾರೆ. ಬಾಗಿಲು ತೆಗೆದು ಬೈದು ಕಳಿಸಿದೋನು ನೀನು."

ಅವನು ಕಂಪ್ಯೂಟರ್ ಹತ್ತಿರಕ್ಕೆ ಎಳೆದುಕೊಂಡ. ಲೆಕ್ಕದವನಾದ್ದರಿಂದ ಷರಾಗಳನ್ನು ತಾನೇ ತೆರೆದು ಎಣಿಸಿದ. ಎರಡು ಸಲ ಎಣಿಸಿದ. ಹದಿಮೂರೇ ಬಂತು.

"ಮೊನ್ನೆ ನಾನೂ ಹೇಳಿದೆ ಅಕ್ಕ," ಎಂದಳು ಅವನ ಹೆಂಡತಿ, ಬಟ್ಟೆಯಿಂದ ತಲೆ ಎತ್ತದೆ. "ಫೋನ್ ಎತ್ತಿದ್ರೆ ಪಕ್ಕದ ಮನೆಯೋರು ಜಗಳ ಅಂದ್ಕೋತಾರೆ ಅಂತ."

"ನೀನು ಸುಮ್ನಿರು" ಎಂದ. ಆದರೆ ದನಿಯಲ್ಲಿ ಕಾವಿರಲಿಲ್ಲ. ರಟ್ಟನ್ನು ಅಕ್ಕನ ಕಡೆ ಸರಿಸಿ, "ಏನು ಹೇಳಬೇಕು ಹಾಗಾದ್ರೆ?" ಎಂದು ಕೇಳಿದ.

"ಗೋದಾಮು ಮುಚ್ಚಿತು, ಎಲ್ಲರ ಕೆಲಸ ಹೋಯ್ತು. ಅಷ್ಟೇ. ಅದೂ ನಿಜವೇ ತಾನೇ."

ಭಾನುವಾರ ಬೆಳಿಗ್ಗೆ ಅವನು ಕಾವಲು ಕಂಪನಿಯವನ ಹತ್ತಿರ ಒಂದು ತಿಂಗಳ ಗಡುವು ಕೇಳಿದ. ಕಂಪನಿಯವನು ಕೊಡಲಿಲ್ಲ, ಆ ಜಾಗಕ್ಕೆ ಮಧ್ಯಾಹ್ನವೇ ಬೇರೆಯವನನ್ನು ನಿಲ್ಲಿಸಿದ. ಆ ವಾರವೆಲ್ಲ ಗಂಡ ಹೆಂಡಿರ ನಡುವೆ ಮಾತು ಅಷ್ಟಕ್ಕಷ್ಟೇ. ಅಕ್ಕನಿಗೂ ಎದೆಯಲ್ಲಿ ಅಳುಕಿತ್ತು. ಕೈಯಲ್ಲಿದ್ದದ್ದನ್ನು ಬಿಡಿಸಿದವಳು ಅವಳೇ ತಾನೇ.

ಅವನು ಪಟ್ಟಿಗೆ ಮೂರು ಅಂಕಣ ಸೇರಿಸಿದ: ಉತ್ತರ ಬಂದ ದಿನ, ಫೋನ್ ಬಂದ ದಿನ, ಎದುರಿಗೆ ಹೋದ ದಿನ. ಒಮ್ಮೆ ತುಂಬಿದ ಮೇಲೆ ಅವನ್ನು ಅಳಿಸುವಂತಿಲ್ಲ. ಬೀದಿಯಲ್ಲಿ ಕರೆ ಬಂದರೆ ಹೆಸರು ಹೇಳಿ, ಹತ್ತು ನಿಮಿಷ ಬಿಟ್ಟು ನಾನೇ ಮಾಡುತ್ತೇನೆ ಎಂದು, ಸದ್ದಿಲ್ಲದ ಕಡೆ ಹೋಗಿ ಮಾಡುತ್ತಿದ್ದ. ಮೊದಲ ಕರೆಯಲ್ಲಿ ಮ್ಯಾನೇಜರ್ ಮತ್ತೆ ನುಸುಳಿದ, ಅದು ಕೆಟ್ಟಿತು. ಐದು ವಾರದಲ್ಲಿ ಏಳು ಕರೆ ಬಂದವು. ನಾಲ್ಕು ಕಡೆಯವರು ಎದುರಿಗೆ ಕರೆದರು. ಎರಡು ಕಡೆ ಆಗಲಿಲ್ಲ, ಒಂದು ಕಡೆಯಿಂದ ಸುದ್ದಿಯಿಲ್ಲ.

ನಾಲ್ಕನೆಯದು ಔಷಧಿ ಗೋದಾಮು. ಕೆಲಸ ಸಹಾಯಕ ಸ್ಟೋರ್‌ಕೀಪರನದು, ಮೇಲಿನವನು ಇವನಿಗಿಂತ ಎಂಟು ವರ್ಷ ಚಿಕ್ಕವನು. ಕೊನೆಯ ಮಾತಿಗೆಂದು ಅವರು ಫೋನ್ ಮಾಡಿದಾಗ ಅಕ್ಕ ಅಲ್ಲೇ ಇದ್ದಳು. ನಿಮಗಿಂತ ಚಿಕ್ಕವರ ಕೈಕೆಳಗೆ ಕೆಲಸ ಮಾಡಲು ತೊಂದರೆಯಿಲ್ಲವೇ ಎಂದು ಅವರು ಕೇಳಿದ್ದು ಅವಳಿಗೂ ಕೇಳಿಸಿತು. ತಮ್ಮನ ಕತ್ತಿನ ನರ ಉಬ್ಬಿತು. ಅವನ ಹೆಂಡತಿ ಅಡುಗೆಮನೆಯಲ್ಲಿ ನಲ್ಲಿ ನಿಲ್ಲಿಸಿದಳು.

"ಇಲ್ಲ ಸಾರ್," ಎಂದ ಅವನು. ಅಷ್ಟು ಹೇಳಿ ಬಾಯಿ ಮುಚ್ಚಿಕೊಂಡ.

ಆ ಕಡೆಯವರು ಒಂದನೇ ತಾರೀಕು ಬೆಳಿಗ್ಗೆ ಎಂಟಕ್ಕೆ ಬನ್ನಿ ಎಂದರು.