ಬೋರ್ಡಿನ ಮೇಲೆ ನಮ್ಮ ತಾಯಿಮನೆಯ ಹೆಸರು

ಮೊಮ್ಮಗಳು ವಕೀಲಳಾದ ದಿನ ನಾನು ಹೋಟೆಲಿಗೆ ಬಂದವರಿಗೆಲ್ಲ ಶಿರಾ ಹಂಚಿದ್ದೆ. ಕಾಫಿ ಕುಡಿಯಲು ಬಂದವರನ್ನೂ ಬಿಡಲಿಲ್ಲ. ಅವಳೇ ಸ್ವಂತ ಆಫೀಸು ಮಾಡುತ್ತಾಳೆ ಎಂದು ಗೊತ್ತಾದಾಗ ನಾನು ಏನು ಮಾಡಿರಬಹುದು ಎಂದು ನೀವೇ ಯೋಚಿಸಿ.

ನಮ್ಮದು ಅಹಮದಾಬಾದಿನ ನವರಂಗಪುರದಲ್ಲಿ ಒಂದು ಇಡ್ಲಿ-ದೋಸೆಯ ಹೋಟೆಲು. ಕೌಂಟರಿನಲ್ಲಿ ನಮ್ಮ ಯಜಮಾನರು, ಅಡುಗೆಮನೆಯ ಮೇಲ್ವಿಚಾರಣೆ ನನ್ನದು. ಮಗಳು-ಅಳಿಯ ಸೂರತ್‌ನ ಹಜೀರಾದಲ್ಲಿ, ಕಂಪನಿ ಕಾಲನಿಯಲ್ಲಿ. ಮೊಮ್ಮಗಳು ಮಾತ್ರ ಕಾಲೇಜಿಗೆಂದು ನಮ್ಮ ಹತ್ತಿರ ಬಂದವಳು ನಮ್ಮ ಹತ್ತಿರವೇ ಉಳಿದಳು. ಈ ಶತಮಾನ ಶುರುವಾಗಿ ಎರಡು ಮೂರು ವರ್ಷ ಆಗಿರಬೇಕು, ಆಗಿನ ಮಾತು ಇದು. ನಾನು ಐದನೇ ಕ್ಲಾಸಿಗೆ ಶಾಲೆ ಬಿಟ್ಟವಳು. ನನ್ನ ಮನೆಯಲ್ಲಿ ಕಪ್ಪು ಕೋಟು ಹ್ಯಾಂಗರಿಗೆ ನೇತು ಬಿದ್ದಿರುವುದನ್ನು ನೋಡಿಯೇ ನನಗೆ ಹೊಟ್ಟೆ ತುಂಬುತ್ತಿತ್ತು.

ಅವಳ ಜೊತೆಗೆ ಪಾಲುದಾರನಾಗುವವನು ಒಬ್ಬ ಗುಜರಾತಿ ಹುಡುಗ, ವಡೋದರಾದವನು. ಇಬ್ಬರೂ ಒಬ್ಬರೇ ಹಿರಿಯ ವಕೀಲರ ಹತ್ತಿರ ಕೆಲಸ ಕಲಿತವರು. ಬಹಳ ಒಳ್ಳೆಯ ಹುಡುಗ. ನನ್ನನ್ನು ‘ಬಾ’ ಎಂದು ಕರೆಯುತ್ತಿದ್ದ. ಗುಜರಾತಿನಲ್ಲಿ ಅಮ್ಮನನ್ನೂ ಅಜ್ಜಿಯನ್ನೂ ಹಾಗೇ ಕರೆಯುತ್ತಾರೆ. ಯಜಮಾನರು ಅವನಿಗೆ ‘ದಾದಾ’, ಎಂದರೆ ಅಜ್ಜ. ನಮ್ಮ ಸಾಂಬಾರಿಗೆ ಬೆಲ್ಲ ಕಡಿಮೆ ಎಂದು ಹೇಳುವುದೊಂದು ಬಿಟ್ಟರೆ ಅವನಲ್ಲಿ ದೋಷ ಎಂಬುದೇ ಇರಲಿಲ್ಲ.

ಆಫೀಸಿಗೆ ನಮ್ಮ ಬೀದಿಯಲ್ಲೇ, ಒಂದು ಔಷಧಿ ಅಂಗಡಿಯ ಮೇಲೆ ಕೋಣೆ ಸಿಕ್ಕಿತು. ಪಾಲುದಾರಿಕೆಯ ಪತ್ರವನ್ನು ಇಬ್ಬರೂ ಕೂತು ತಯಾರು ಮಾಡಿದರು. ಎಲ್ಲ ಬರೆದಾಯಿತು, ಹೆಸರಿನ ಜಾಗ ಮಾತ್ರ ಖಾಲಿ. ಹೆಸರಿಲ್ಲದೆ ಪತ್ರಕ್ಕೆ ಸಹಿ ಹಾಕುವ ಹಾಗಿಲ್ಲ, ರಿಜಿಸ್ಟ್ರಾರ್ ಆಫೀಸಿಗೆ ಕೊಡುವ ಹಾಗೂ ಇಲ್ಲ.

ಇದರಲ್ಲಿ ಯೋಚನೆ ಮಾಡಲಿಕ್ಕೆ ಎಂತ ಉಂಟು ಎಂದು ನನಗೆ ಅರ್ಥವೇ ಆಗಲಿಲ್ಲ. ಇಬ್ಬರು ಸೇರಿ ಮಾಡುವುದು, ಇಬ್ಬರ ಸರ್‌ನೇಮ್ ಹಾಕಿದರಾಯಿತು. ವಕೀಲರ ಬೋರ್ಡುಗಳನ್ನು ನಾನೂ ನೋಡಿದ್ದೇನೆ, ಎಲ್ಲ ಹಾಗೇ ಇರುವುದು. ಅವರು ನಿಧಾನ ಮಾಡಲಿ, ನಾನು ಯಾಕೆ ಮಾಡಲಿ? ನಮ್ಮ ಹೋಟೆಲಿನ ಬೋರ್ಡು ಬರೆದ ಪೇಂಟರನನ್ನು ಕರೆದು, ಯಾರಿಗೂ ಹೇಳದೆ ಒಂದು ಬೋರ್ಡಿಗೆ ಆರ್ಡರ್ ಕೊಟ್ಟೆ. ಮೊದಲು ಮೊಮ್ಮಗಳ ಸರ್‌ನೇಮ್, ಆಮೇಲೆ ಹುಡುಗನದು. ಒಳಗೆ ಟ್ಯೂಬ್‌ಲೈಟ್. ಅಕ್ಷರ ಕೆಂಪು. ‘ದೊಡ್ಡದಾಗಿರಲಿ, ಬಸ್ಸಿನಲ್ಲಿ ಹೋಗುವವರಿಗೂ ಕಾಣಬೇಕು’ ಎಂದೆ.

ಒಂದು ಭಾನುವಾರ ಮಧ್ಯಾಹ್ನ ಊಟದ ಗಡಿಬಿಡಿ ಮುಗಿದ ಮೇಲೆ ಇಬ್ಬರೂ ಮೂಲೆಯ ಟೇಬಲಿನಲ್ಲಿ ಕಾಗದ ಹರಡಿಕೊಂಡು ಕೂತರು. ನಾನು ಪಕ್ಕದಲ್ಲಿ ಬೀನ್ಸ್ ಮುರಿಯುತ್ತಾ ಕೂತೆ. ಬೀನ್ಸ್ ಅಡುಗೆಮನೆಯಲ್ಲೂ ಮುರಿಯಬಹುದಿತ್ತು, ಆ ಮಾತು ಬೇರೆ.

ಹುಡುಗ ಹೇಳಿದ, ‘ನನ್ನ ಕೇಳಿದರೆ ಸರ್‌ನೇಮೇ ಬೇಡ. ಯಾರದ್ದೂ ಅಲ್ಲದ ಒಂದು ಹೆಸರು ಇಡೋಣ.’ ಅವನೇ ಒಂದು ಸಂಸ್ಕೃತ ಶಬ್ದ ಹುಡುಕಿ ತಂದಿದ್ದ. ದಾರಿ ಎಂಬ ಅರ್ಥ ಬರುತ್ತದಂತೆ. ಹೇಳಲಿಕ್ಕೆ ಚಂದವೇ ಇತ್ತು.

ಕೌಂಟರಿನಿಂದ ಯಜಮಾನರು, ‘ಹೊಟ್ಟೆನೋವಿನ ಮಾತ್ರೆಯ ಹೆಸರಿನ ಹಾಗೆ ಉಂಟು. ಕೆಳಗೆ ಔಷಧಿ ಅಂಗಡಿಯೂ ಉಂಟಲ್ಲ, ಸರಿಹೋಯಿತು’ ಎಂದರು.

‘ದಾದಾ, ನಿಮ್ಮ ಕಡೆಯ ಸರ್‌ನೇಮ್ ಹಾಕಿದರೆ ಜನ ಮೆಟ್ಟಿಲು ಹತ್ತಿ ಬಂದು ಮಸಾಲೆ ದೋಸೆ ಕೇಳುತ್ತಾರೆ’ ಎಂದು ಹುಡುಗ ನಕ್ಕ.

‘ಕೇಳಲಿ. ಕೆಳಗೆ ಕಳಿಸಿ, ನಾನು ಕೊಡುತ್ತೇನೆ.’

ಮೊಮ್ಮಗಳೂ ನಕ್ಕಳು. ‘ನಿನ್ನ ಸರ್‌ನೇಮಿನ ವಕೀಲರು ಕೋರ್ಟಿನ ಒಂದೊಂದು ಕಂಬಕ್ಕೆ ಒಬ್ಬೊಬ್ಬರು ಇದ್ದಾರೆ. ನಮ್ಮದೇ ಹಾಕಿದರೆ ಮರೆಯುವುದಿಲ್ಲ’ ಎಂದಳು.

ಆಮೇಲೆ ಹುಡುಗ ಸ್ವಲ್ಪ ಮೆತ್ತಗೆ ಮಾತಾಡಿದ. ‘ತಮಾಷೆ ಅಲ್ಲ. ನಾಳೆ ಮೂರನೆಯವರು ಪಾಲುದಾರರಾಗಿ ಬಂದರೆ ಅವರ ಹೆಸರೂ ಸೇರಿಸಬೇಕಾಗುತ್ತದೆ. ಮತ್ತೆ... ನಿನ್ನ ಮದುವೆ ಆದರೆ ಸರ್‌ನೇಮ್ ಬದಲಾಗುತ್ತದೆ. ಆಗ ಪತ್ರ, ಬೋರ್ಡು, ಲೆಟರ್‌ಹೆಡ್ ಎಲ್ಲ ಬದಲಾಯಿಸಬೇಕು. ಇಲ್ಲವಾದರೆ ಬೋರ್ಡಿನಲ್ಲಿ ಒಬ್ಬಳು, ಕೋರ್ಟಿನಲ್ಲಿ ಇನ್ನೊಬ್ಬಳು.’

ಅವನು ಅಂದದ್ದು ಚುಚ್ಚಲಿಕ್ಕಲ್ಲ. ಅವನ ಅಕ್ಕಂದಿರಿಗೂ ಅಮ್ಮನಿಗೂ ಹಾಗೇ ಆಗಿದೆ. ಮದುವೆಯಾದ ಮರುದಿನ ಅಪ್ಪನ ಹೆಸರಿನ ಜಾಗಕ್ಕೆ ಗಂಡನ ಹೆಸರು, ಸರ್‌ನೇಮೂ ಅವನದೇ. ಆದರೆ ನಗುತ್ತಿದ್ದ ನಮ್ಮ ಹುಡುಗಿ ಕಾಗದ ಜೋಡಿಸಲಿಕ್ಕೆ ಶುರು ಮಾಡಿದಳು. ‘ಸರಿ, ನಿನ್ನ ಶಬ್ದವೇ ಇರಲಿ. ನಾಳೆ ಟೈಪ್ ಮಾಡಿಸೋಣ’ ಎಂದಳು.

ನನ್ನ ಕೈಯಲ್ಲಿದ್ದ ಬೀನ್ಸ್ ಅಲ್ಲೇ ನಿಂತಿತು. ಅವಳ ಆ ಸ್ವರ ನನಗೆ ಗೊತ್ತು. ಚಿಕ್ಕವಳಿದ್ದಾಗ ಜಾತ್ರೆಯ ಬಲೂನು ಬೇಡ ಎನ್ನುತ್ತಿದ್ದದ್ದೂ ಇದೇ ಸ್ವರದಲ್ಲಿ, ಕಣ್ಣು ಮಾತ್ರ ಬಲೂನಿನ ಮೇಲೆ.

ಅವಳು ತಟ್ಟೆ ಎತ್ತಿಕೊಂಡು ಒಳಗೆ ಬಂದಾಗ ಹಿಂದೆಯೇ ಹೋದೆ.

‘ನಿನಗೆ ಎಂತ ಬೇಕು, ಸರಿಯಾಗಿ ಹೇಳು ಮಾರಾಯ್ತಿ.’

‘ಬಿಡು ಅಜ್ಜಿ. ಅವನು ಹೇಳಿದ್ದು ತಪ್ಪಲ್ಲ.’ ಅವಳ ಕನ್ನಡದಲ್ಲಿ ಅರ್ಧ ಹಿಂದಿ, ಇನ್ನರ್ಧ ಗುಜರಾತಿ. ನಾನು ಇಲ್ಲಿ ಸರಿಮಾಡಿ ಬರೆಯುತ್ತಿದ್ದೇನೆ. ‘ಇಷ್ಟು ವರ್ಷ ಓದಿದ್ದು ಈ ಹೆಸರಲ್ಲಿ. ಒಂದು ಬೋರ್ಡಿನ ಮೇಲೆ ಇರಲಿ ಅಂತ ಆಸೆ ಇತ್ತು. ಆದರೆ ಬದಲಾಗುವ ಹೆಸರನ್ನು ಹಾಕು ಅಂತ ಹೇಗೆ ಹಟ ಮಾಡಲಿ?’

‘ಯಾಕೆ ಬದಲಾಗಬೇಕು? ನಂದು ಬದಲಾಯಿತಾ?’

ಅವಳು ನನ್ನ ಮುಖವನ್ನೇ ನೋಡಿದಳು.

‘ನಿನ್ನ ಅಮ್ಮನದು ಬದಲಾಯಿತಾ? ನೀನು ಬರೆಯುವುದು ಅಪ್ಪನ ಸರ್‌ನೇಮಾ?’

ನಮ್ಮದು ಅಳಿಯಕಟ್ಟಿನ ಮನೆತನ. ಮೊದಲೆಲ್ಲ ಆಸ್ತಿ ಸೋದರಮಾವನಿಂದ ಅಳಿಯನಿಗೆ ಹೋಗುತ್ತಿತ್ತು. ಈಗ ಅದು ಇಲ್ಲ, ಕಾನೂನು ಬೇರೆ. ಆದರೆ ಮನೆ ಎಂಬುದು ತಾಯಿಯ ಕಡೆಯಿಂದ ಬರುವುದು ಮಾತ್ರ ಹೋಗಿಲ್ಲ. ನಮ್ಮ ಮನೆಯಲ್ಲಿ ಹೆಸರೂ ಹಾಗೆಯೇ ಬಂದಿದೆ: ನನ್ನ ಅಮ್ಮನದು ನನಗೆ, ನನ್ನದು ಮಗಳಿಗೆ, ಮಗಳದು ಇವಳಿಗೆ. ಹುಡುಗಿ ಮದುವೆಯಾಗಿ ಎಲ್ಲಿಗೆ ಬೇಕಾದರೂ ಹೋಗಲಿ, ತಾಯಿಮನೆಯ ಹೆಸರು ಅವಳ ಜೊತೆಗೇ ಹೋಗುತ್ತದೆ. ಇವಳಿಗೆ ಇದು ಗೊತ್ತಿಲ್ಲ ಎಂದಲ್ಲ. ಆದರೆ ಗುಜರಾತಿನಲ್ಲೇ ಹುಟ್ಟಿ ಬೆಳೆದವಳು. ಗೆಳತಿಯರೆಲ್ಲ ಮದುವೆಯ ಮರುದಿನ ಹೆಸರು ಬದಲಿಸುವುದನ್ನು ನೋಡಿ, ತನಗೂ ಹಾಗೇ ಎಂದುಕೊಂಡಿದ್ದಳು. ಊರಿನ ಕ್ರಮ ಊರಲ್ಲೇ ಇರುತ್ತದೆ ಎಂದು ಭಾವಿಸಿದ್ದಳೋ ಏನೋ.

‘ಅಜ್ಜಿ, ವಕೀಲಿಗೆ ನೀನೇ ಹೋಗಬೇಕಿತ್ತು’ ಎಂದು ನನ್ನ ಕೆನ್ನೆ ಹಿಂಡಿ ಹೊರಗೆ ಓಡಿದಳು.

ಹುಡುಗನಿಗೆ ನಂಬಿಕೆಯೇ ಬರಲಿಲ್ಲ. ‘ಹಾಗಾದರೆ ಬಾ, ದಾದಾನ ಸರ್‌ನೇಮ್ ನಿಮಗೆ ಬೇಡವಾ?’

‘ಅವರದು ಅವರಿಗೇ ಬೇಕಲ್ಲ ಮಗಾ. ನಾನು ತೆಗೆದುಕೊಂಡರೆ ಅವರು ಎಂತ ಮಾಡುವುದು?’

ಯಜಮಾನರು ಕೌಂಟರಿನಲ್ಲೇ ತಲೆಯಾಡಿಸಿದರು. ‘ನನ್ನ ಹತ್ತಿರ ಅದೊಂದನ್ನು ಮಾತ್ರ ಬಿಟ್ಟಿದ್ದಾಳೆ.’

ಹುಡುಗ ನಕ್ಕ, ಆದರೆ ಅಷ್ಟಕ್ಕೇ ಒಪ್ಪಲಿಲ್ಲ, ವಕೀಲನಲ್ಲವೇ. ಮೂರನೆಯವರು ಬಂದರೆ ಎಂಬ ಮಾತು ಇನ್ನೂ ಉಳಿದಿತ್ತು. ಅಷ್ಟರಲ್ಲಿ ಯಜಮಾನರು, ಯಾರದ್ದೂ ಅಲ್ಲದ ಹೆಸರು ಎಂಬ ಮಾತಿಗೆ, ಹೋಟೆಲಿನ ಕತೆ ಹೇಳಿದರು. ನಮ್ಮ ಹೋಟೆಲಿಗೆ ದೇವರ ಹೆಸರು ಇಟ್ಟಿದ್ದೇವೆ. ತಮ್ಮ ಸರ್‌ನೇಮ್ ಇಲ್ಲಿಯವರ ನಾಲಗೆಗೆ ಕಷ್ಟ, ಯಾರದ್ದೂ ಅಲ್ಲದ ಹೆಸರಿದ್ದರೆ ಒಳ್ಳೆಯದು ಎಂದು ಆಗ ಅವರಿಗೂ ಅನಿಸಿತ್ತು. ‘ಆ ಹೆಸರು ಹೇಳಿ ನಮ್ಮ ಹೋಟೆಲ್ ಹುಡುಕಿ ನೋಡು, ರಿಕ್ಷಾದವನಿಗೂ ಗೊತ್ತಾಗುವುದಿಲ್ಲ. ಎಲ್ಲರೂ ನನ್ನ ಸರ್‌ನೇಮ್ ಹೇಳಿಯೇ ಬರುವುದು. ತಿಂಡಿ ಹಾಳಾದರೆ ಬೈಯಲಿಕ್ಕೆ ಜನಕ್ಕೆ ಒಬ್ಬ ಮನುಷ್ಯ ಬೇಕು ಮಾರಾಯ.’

ಹುಡುಗ ಪೆನ್ನಿನ ತುದಿ ಕಚ್ಚುತ್ತಾ ಕೂತ. ‘ಅದೂ ಹೌದು’ ಎಂದ ಆಮೇಲೆ. ‘ವಕಾಲತ್‌ನಾಮಾದಲ್ಲಿ ಹೇಗೂ ನಮ್ಮ ನಮ್ಮ ಹೆಸರಲ್ಲೇ ಸಹಿ. ಜಡ್ಜರ ಮುಂದೆ ನಿಲ್ಲುವುದು ನನ್ನ ಸಂಸ್ಕೃತ ಶಬ್ದ ಅಲ್ಲ, ನಾವು.’ ಮೂರನೆಯವರ ವಿಷಯಕ್ಕೆ ಮೊಮ್ಮಗಳೇ ದಾರಿ ಹುಡುಕಿದಳು: ಯಾರು ಹೊಸದಾಗಿ ಬಂದರೂ ಇಬ್ಬರೂ ಒಪ್ಪದೆ ಹೆಸರು ಬದಲಿಸುವ ಹಾಗಿಲ್ಲ ಎಂದು ಪತ್ರದಲ್ಲೇ ಬರೆಯುವುದು. ಒಬ್ಬರು ಬಿಟ್ಟುಹೋದರೆ ಅವರ ಸರ್‌ನೇಮ್ ಇಟ್ಟುಕೊಳ್ಳಬಹುದೋ ಬೇಡವೋ ಎಂಬುದನ್ನೂ ಬರೆದರು. ಆ ಸಾಲು ಬರೆಯುವಾಗ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಮದುವೆ ಮಾತುಕತೆಯಲ್ಲಿ ಯಾರೋ ವಿಚ್ಛೇದನದ ಮಾತು ತೆಗೆದ ಹಾಗಿತ್ತು ಪಾಪ.

‘ಮೊದಲು ಯಾರದು?’ ಎಂದು ನಾನೇ ಕೇಳಿಬಿಟ್ಟೆ. ಬೀನ್ಸ್ ಮುಗಿದು ಬಹಳ ಹೊತ್ತಾಗಿತ್ತು.

‘ಇವಳದೇ ಬಾ. ನನಗಿಂತ ಮುಂಚೆ ಇವಳಿಗೆ ಸನದು ಸಿಕ್ಕಿದ್ದು’ ಎಂದ ಹುಡುಗ. ಸನದು ಎಂದರೆ ವಕೀಲಿ ಮಾಡಲು ಬಾರ್ ಕೌನ್ಸಿಲಿನವರು ಕೊಡುವ ಪತ್ರ. ಯಾರೂ ಒತ್ತಾಯ ಮಾಡದೆ ಅವನೇ ಹೇಳಿದ. ಅವತ್ತು ಅವನ ಸಾಂಬಾರಿಗೆ ನಾನೇ ಬೆಲ್ಲ ಹಾಕಿದೆ, ಕೈತುಂಬ.

ಎಲ್ಲ ನನ್ನ ಮನಸ್ಸಿನ ಹಾಗೇ ಆಯಿತಲ್ಲ ಎಂಬ ಸಂತೋಷದಲ್ಲಿ ಬೋರ್ಡಿನ ವಿಷಯ ಬಾಯಿಬಿಟ್ಟೆ. ಮರುದಿನ ಪೇಂಟರ್ ಕೈಗಾಡಿಯಲ್ಲಿ ಅದನ್ನು ತಂದು ನಿಲ್ಲಿಸಿದ. ನಮ್ಮ ಶಟರಿನಷ್ಟು ಅಗಲ. ಹೆಸರುಗಳು ನಾನು ಹೇಳಿದ ಕ್ರಮದಲ್ಲೇ ಇದ್ದವು. ಆದರೆ ಅವನು ಯಾವಾಗಲೂ ಬರೆಯುವುದು ಹೋಟೆಲಿನ ಬೋರ್ಡು, ಕೈ ಸುಮ್ಮನಿರಲಿಲ್ಲ: ಕೆಳಗೆ ಹಸಿರು ಅಕ್ಷರದಲ್ಲಿ ‘ಶುದ್ಧ ಶಾಕಾಹಾರಿ’ ಎಂದು ಸೇರಿಸಿದ್ದ.

ಹುಡುಗ ಫುಟ್‌ಪಾತಿನಲ್ಲೇ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕ. ‘ಸುಳ್ಳಲ್ಲವಲ್ಲ, ಇಬ್ಬರೂ ಶಾಕಾಹಾರಿಗಳೇ!’ ಎಂದ.

‘ನನ್ನನ್ನು ಸೇರಿಸಬೇಡ, ಊರಿಗೆ ಹೋದರೆ ನಾನು ಮೀನು ತಿನ್ನುತ್ತೇನೆ’ ಎಂದಳು ಮೊಮ್ಮಗಳು. ನಗುತ್ತಲೇ ನನ್ನ ಹೆಗಲಿಗೆ ಕೈ ಹಾಕಿದಳು. ‘ಅಜ್ಜಿ, ವಕೀಲರು ಜಾಹೀರಾತು ಮಾಡುವ ಹಾಗಿಲ್ಲ. ಬೋರ್ಡೂ ಹದವಾದ ಅಳತೆಯದೇ ಇರಬೇಕು ಅಂತ ನಿಯಮ ಉಂಟು. ಇದನ್ನು ಹಾಕಿದರೆ ಮೊದಲನೇ ಕೇಸು ನಮ್ಮ ಮೇಲೆಯೇ.’

ಆ ಬೋರ್ಡನ್ನು ನಾನು ಬಿಸಾಡಲಿಲ್ಲ. ಅಡುಗೆಮನೆಗೂ ಉಗ್ರಾಣಕ್ಕೂ ನಡುವೆ ಅಡ್ಡ ನಿಲ್ಲಿಸಿದ್ದೇನೆ. ಅಕ್ಷರ ಇರುವ ಬದಿ ನನ್ನ ಕಡೆಗೆ.

ನಿಜವಾದ ಬೋರ್ಡು ಹಿತ್ತಾಳೆಯದು, ನಮ್ಮ ಊಟದ ತಟ್ಟೆಗಿಂತ ಸ್ವಲ್ಪ ದೊಡ್ಡದು. ಮೇಲಿನ ಸಾಲಿನಲ್ಲಿ ಗುಜರಾತಿ, ಕೆಳಗೆ ಇಂಗ್ಲಿಷ್. ಇಂಗ್ಲಿಷ್ ನನಗೆ ಬಾರದು. ಗುಜರಾತಿಯನ್ನು ಬಸ್ಸಿನ ಬೋರ್ಡು, ಅಂಗಡಿಯ ಬೋರ್ಡು ನೋಡಿ ನೋಡಿ ಕಲಿತಿದ್ದೇನೆ. ಆಫೀಸಿನ ಪೂಜೆಯ ದಿನ ಸೂರತ್‌ನಿಂದ ಮಗಳು-ಅಳಿಯ ಬಂದಿದ್ದರು, ಹುಡುಗನ ತಂದೆತಾಯಿ ವಡೋದರಾದಿಂದ. ಎಲ್ಲರೂ ಒಳಗೆ ಪ್ರಸಾದ ತೆಗೆದುಕೊಳ್ಳುತ್ತಿದ್ದಾಗ ನಾನು ಹೊರಗೆ ಮೆಟ್ಟಿಲಲ್ಲಿ ನಿಂತು, ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ಓದಿದೆ.

ನನ್ನ ಅಮ್ಮ ಕಾಗದಕ್ಕೆ ಹೆಬ್ಬೆಟ್ಟು ಒತ್ತುತ್ತಿದ್ದವಳು. ಅವಳ ಅಮ್ಮನೂ ಹಾಗೆಯೇ. ಈ ಹೆಸರನ್ನು ಜೀವ ಇರುವವರೆಗೆ ಇಟ್ಟುಕೊಂಡರು, ಮಕ್ಕಳಿಗೆ ಕೊಟ್ಟರು, ಬರೆದರೆ ಹೇಗೆ ಕಾಣುತ್ತದೆ ಎಂದು ಮಾತ್ರ ಅವರು ನೋಡಲಿಲ್ಲ. ನಾನು ಸೆರಗಿನಿಂದ ಅದನ್ನು ಉಜ್ಜಿದೆ. ಹುಡುಗನ ಸರ್‌ನೇಮನ್ನೂ ಉಜ್ಜಿದೆ, ಭೇದ ಮಾಡಬಾರದಲ್ಲ.

ಆಮೇಲೆ ಅವಳಿಗೆ ಮದುವೆಯೂ ಆಯಿತು, ಬೇರೊಬ್ಬ ಹುಡುಗನ ಜೊತೆ. ಆ ದಿನ ಗಂಡಿನ ಕಡೆಯ ಹಿರಿಯರೊಬ್ಬರು, ಇನ್ನು ಮುಂದೆ ಹುಡುಗಿ ಯಾವ ಸರ್‌ನೇಮ್ ಬರೆಯುತ್ತಾಳೆ ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅವಳ ಪಾಲುದಾರ, ಆ ವಡೋದರಾದ ಹುಡುಗ, ಎದ್ದು ನಿಂತ.

‘ಅದು ಬದಲಾಗುವುದಿಲ್ಲ ಕಾಕಾ. ಬದಲಿಸುವುದಾದರೆ ಮೊದಲು ನನ್ನ ಒಪ್ಪಿಗೆ ಬೇಕು, ಪತ್ರದಲ್ಲಿ ಬರೆದಿದ್ದೇವೆ’ ಎಂದ.