ಹರಿದ ಹಾಳೆ ಅಂದ್ರೆ ಹೇಳಿದ ಆರ್ಡರ್

"ಆ ಪ್ರತಿಮಾ ಹಬ್ಬಕ್ಕಿಂತ ಹದಿಮೂರು ದಿನ ಮುಂಚೆಯೇ ಹಬ್ಬ ಮಾಡ್ಬಿಡ್ತಾಳೆ ಕಣ್ರೀ" ಅಂತ ಅಜ್ಜಂಪುರದ ನಮ್ಮ ಬೀದಿಯವರು ನಗೋರು. ನಕ್ಕವರೇ ಹಬ್ಬದ ಹಿಂದಿನ ದಿನ ಚೀಲ ಹಿಡಿದು ಅವಳ ಅಂಗಡಿ ಮುಂದೆ ನಿಲ್ಲೋರು. ಬೇರೆಲ್ಲೂ ಬೆಲ್ಲ ಇರುತ್ತಿರಲಿಲ್ಲ, ಅಲ್ಲಿ ಇರುತ್ತಿತ್ತು.

ಅಂಗಡಿ ಅವಳ ತಮ್ಮ ಶಶಿಧರನದು, ಮನೆಯ ಮುಂದಿನ ಕೋಣೆಯಲ್ಲೇ. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದ ಪ್ರತಿಮಾ ಹನ್ನೊಂದು ವರ್ಷ ಅದನ್ನು ನಡೆಸಿದಳು. ಗೋಡೆಗೆ ದಿನಕ್ಕೊಂದು ಹಾಳೆಯ ಕ್ಯಾಲೆಂಡರ್. ಅದೇ ಅವಳ ಪಂಚಾಂಗ, ಅದೇ ಅವಳ ಮಂತ್ರ.

ಲೆಕ್ಕ ಹೀಗೆ. ಜನ ಹಬ್ಬದ ಸಾಮಾನು ಕೊಳ್ಳೋಕೆ ಶುರು ಮಾಡೋದು ನಾಲ್ಕು ದಿನ ಮುಂಚೆ. ತರೀಕೆರೆಯ ಸಗಟು ಅಂಗಡಿಯ ಕಾಂತರಾಜು ಉಳಿದ ದಿನ ಮೂರೇ ದಿನಕ್ಕೆ ಸರಕು ಕಳಿಸಿದರೂ, ಹಬ್ಬದ ಹೊತ್ತಿಗೆ ಏಳು ದಿನ ತಗೊಳ್ತಾನೆ. ಆಟೋ ಕೆಟ್ಟೀತು, ಮಳೆ ಹಿಡಿದೀತು ಅಂತ ಎರಡು ದಿನ ಜಾಸ್ತಿ. ಒಟ್ಟು ಹದಿಮೂರು. ಹಬ್ಬದಿಂದ ಹಿಂದಕ್ಕೆ ಎಣಿಸಿ, ಆ ದಿನದ ಹಾಳೆ ಮೇಲೆ ಬರೀತಿದ್ದಳು: ಬೆಲ್ಲ ಅರವತ್ತು ಕೆಜಿ, ಕಡ್ಲೆಬೇಳೆ ನಲವತ್ತು, ಕೊಬ್ಬರಿ ಹತ್ತು.

"ಹೋದ ವರ್ಷದ ತಾರೀಖೇ ನೋಡ್ಕಂಡು ಬರೆದ್ರೆ ಆಗಲ್ವೇನಕ್ಕಾ?" ಅಂತ ಶಶಿಧರ ಕೇಳೋನು.

"ಲೇ, ಗಣಪತಿ ನಿನ್ನ ಹಾಗೆ ಒಂದೇ ತಾರೀಖಿಗೆ ಹುಟ್ಟಿದ್ನೇನೋ? ಹಬ್ಬ ವರ್ಷವರ್ಷ ಹಿಂದೆ ಮುಂದೆ ಓಡಾಡ್ತದೆ. ಎಣಿಸ್ಲೇಬೇಕು."

ಇನ್ನೊಂದು ಕಟ್ಟುಪಾಡು ಇತ್ತು. ಆರ್ಡರ್ ಬರೆದ ಹಾಳೆಯನ್ನು ಕಾಂತರಾಜುಗೆ ಫೋನ್ ಮಾಡೋವರೆಗೂ ಹರೀಬಾರದು. ಹರಿದಿದೆ ಅಂದ್ರೆ ಹೇಳಿ ಆಗಿದೆ.

ಆ ವರ್ಷ ಗಣಪತಿ ಹಬ್ಬಕ್ಕೆ ಮುಂಚೆ ಕಡೂರಿನಲ್ಲಿ ನೆಂಟರ ಮದುವೆ. ಮೂರು ದಿನ ಅಂಗಡಿ ಮುಚ್ಚಿತು. ಬೀಗರೂಟಕ್ಕೆ ಅಂತ ಪ್ರತಿಮಾ ಅಲ್ಲೇ ಉಳಿದಳು. ಶಶಿಧರ ಒಬ್ಬನೇ ಬಂದು ಬಾಗಿಲು ತೆಗೆದ. ಹಳೇ ತಾರೀಖು ಕಣ್ಣಿಗೆ ಬಿತ್ತು, ನಾಲ್ಕು ಹಾಳೆ ಒಟ್ಟಿಗೆ ಹರಿದ. ಆರ್ಡರ್ ಬರೆದ ಹಾಳೆಯೂ ಅದರಲ್ಲೇ ಇತ್ತು, ಓದಲಿಲ್ಲ.

ಪ್ರತಿಮಾ ಬಂದು ನೋಡಿದಳು. ಹಾಳೆ ಇಲ್ಲ. ಹೇಳಿರ್ತಾನೆ, ಅಂದುಕೊಂಡಳು.

ಹಬ್ಬಕ್ಕೆ ಆರು ದಿನ ಇದ್ದಾಗ ತರೀಕೆರೆ ಆಟೋ ಬಂತು. ಸೋಪು ಬಂತು, ಬೆಂಕಿಪೊಟ್ಟಣ ಬಂತು. ಬೆಲ್ಲ ಇಲ್ಲ.

"ಬೆಲ್ಲ ಎಲ್ಲಪ್ಪಾ?"

"ನೀವು ಹೇಳೇ ಇಲ್ವಲ್ಲಕ್ಕಾ" ಅಂದ ಆಟೋದವನು.

ಅಷ್ಟರಲ್ಲಿ ಎದುರುಮನೆ ಅಂಬಮ್ಮ ಒಂದು ಕಾಗದದ ಪೊಟ್ಟಣ ಹಿಡಿದು ಬಂದಳು. "ಏನೇ ಪ್ರತಿಮಾ, ಮೊನ್ನೆ ನಿನ್ನ ತಮ್ಮ ಕಲ್ಲುಸಕ್ಕರೆ ಕಟ್ಟಿಕೊಟ್ಟ. ಬಿಚ್ಚಿದ್ರೆ ಅರವತ್ತು ಕೆಜಿ ಬೆಲ್ಲ ಬರ್ದೈತೆ! ನಮ್ಮನೇಲಿ ಇರೋದು ಮೂರೇ ಜನ ಕಣೇ."

ಪ್ರತಿಮಾಗೆ ನಗು ಬರಲಿಲ್ಲ. ಕಾಂತರಾಜುಗೆ ಫೋನ್ ಮಾಡಿದಳು. "ಈಗ ಹೇಳಿದ್ರೆ ಏಳು ದಿನ ಅಕ್ಕಾ. ಹಬ್ಬ ಮುಗಿದ ಮಾರನೇ ದಿನ ಬತ್ತದೆ."

ಹಬ್ಬಕ್ಕೆ ಮೂರು ದಿನ ಇದ್ದಾಗ ಬೆಲ್ಲದ ಡಬ್ಬಿ ತಳ ಕಂಡಿತು. ಶಿವನಿಯಿಂದ ಮುದ್ದಪ್ಪ ಬಂದಿದ್ದ, ಪ್ರತಿ ಹಬ್ಬಕ್ಕೂ ಇವಳಲ್ಲೇ ಕೊಳ್ಳೋನು. "ನಿಮ್ಮಲ್ಲೂ ಇಲ್ವೇನವ್ವಾ?" ಅಂದ. ಆ 'ನಿಮ್ಮಲ್ಲೂ' ಅವಳ ಎದೆಗೆ ಚುಚ್ಚಿತು. ಒಳಗಿಂದ ಶಶಿಧರ ಕೂಗಿದ: "ಸಕ್ಕರೆ ತಗಂಡೋಗಿ ಯಜಮಾನ್ರೇ, ಅದೂ ಸಿಹಿಯೇ!"

ಹಬ್ಬ ಕಳೀತು. ಪ್ರತಿಮಾ ಒಂದೇ ಮಾತು ಹೇಳಿದಳು. "ಇನ್ಮೇಲೆ ಆರ್ಡರ್ ನಾನೊಬ್ಬಳೇ ಹೇಳ್ತೀನಿ. ಆ ಹಾಳೆ ನೀನು ಮುಟ್ಟಬೇಡ."

"ಅಂಗಡಿ ನಂದಕ್ಕಾ. ಬೇಕಾದ್ರೆ ಕ್ಯಾಲೆಂಡರ್ ನಿಂದು ಅನ್ನು" ಅಂದ ಶಶಿಧರ, ಹಲ್ಲಲ್ಲಿ ಕಡ್ಡಿ ಆಡಿಸುತ್ತಾ.

ವಾರದೊಳಗೆ ಪ್ರತಿಮಾ ಶಿವನಿ ಊರಿಗೆ ಹೋಗಿ ಬಂದಳು. ಸ್ಟೇಷನ್ ಹತ್ತಿರ ಮುದ್ದಪ್ಪನ ಮನೆ ಮಗ್ಗುಲಲ್ಲಿ ಒಂದು ಮಳಿಗೆ ಖಾಲಿ ಇತ್ತಂತೆ. ಸರಕು ಕಳಿಸ್ತೀನಿ ಅಂತ ಕಾಂತರಾಜು ಒಪ್ಪಿದನಂತೆ.

ಹೊರಡೋ ದಿನ ಬೆಳಿಗ್ಗೆ ಟ್ರಂಕು ಆಟೋಗೆ ಏರಿತು. ಶಶಿಧರ ಬಾಗಿಲಲ್ಲಿ ನಿಂತು ತಲೆ ಕೆರೆದ.

"ಅಕ್ಕಾ, ದೀಪಾವಳಿಗೆ ಯಾವತ್ತು ಹೇಳ್ಬೇಕು?"

ಅವಳು ಗೋಡೆಯ ಕ್ಯಾಲೆಂಡರ್ ಕಡೆ ಕೈ ತೋರಿಸಿದಳು. "ಬರ್ದಿದೀನಿ. ಹದಿಮೂರು ದಿನ ಮುಂಚೆ. ಕೆಂಪು ಶಾಯಿಲಿ."

ಹೊಸಿಲು ದಾಟಿ, ಚಪ್ಪಲಿ ಮೆಟ್ಟಿ, ತಿರುಗದೆಯೇ ಇನ್ನೊಂದು ಮಾತು ಹೇಳಿದಳು:

"ಓದಿ ಹರಿ ಕಣೋ."